ಕುಚ್ಚಿನ ತಲೆ ನಿಲ್ಲುವವರೆಗೆ

ಸೀರೆಯನ್ನು ಮಗ್ಗದಿಂದ ಕತ್ತರಿಸುವಾಗ ಸೆರಗಿನ ಕಡೆ ಐದು ಇಂಚು ಹಾಸಿನ ಎಳೆ ನೇಯದೆ ಹಾಗೇ ಬಿಡಿ ಎಂದು ನಾನೇ ಕೇಳಿಕೊಂಡಿದ್ದೆ. ಕೇಳುವಾಗ ದೊಡ್ಡ ತಿಳಿವಳಿಕೆಯವಳ ಹಾಗೆ ಕೇಳಿದ್ದೆ. ಮನೆಗೆ ತಂದು ಮಡಿಕೆ ಬಿಚ್ಚಿ ನೋಡಿದಾಗ, ಸೆರಗಿನ ಉದ್ದಕ್ಕೂ ಕೂದಲಿನ ಹಾಗೆ ಇಳಿಬಿದ್ದಿದ್ದ ಸಾವಿರಾರು ಎಳೆಗಳನ್ನು ಏನು ಮಾಡಬೇಕೆಂದೇ ಹೊಳೆಯಲಿಲ್ಲ.

ಅದು ಉಡುಪಿ ಸೀರೆ. 80ರ ನಂಬರಿನ ಹತ್ತಿ ನೂಲು, ಕಡು ಹಸಿರು ಮೈ, ಅರಿಶಿನ ಬಣ್ಣದ ಕರೆ. 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಈ ಸೀರೆಯ ಹೆಸರು ಮತ್ತೆ ಕೇಳಿಬರುತ್ತಿದೆ. ಆದರೆ ನಮ್ಮ ಮನೆಯ ಹಿಂದಿನ ತಲೆಮಾರಿನವರಿಗೆ ಇದು ದಿನಾ ಉಡುವ ಸೀರೆ ಅಷ್ಟೇ. ಅದಕ್ಕೆ ಕುಚ್ಚು ಕಟ್ಟಿದವರನ್ನು ನಾನು ನೋಡಿಲ್ಲ. ಕುಚ್ಚು ಏನಿದ್ದರೂ ರೇಷ್ಮೆಗೆ. ಬೆಂಗಳೂರಿನಲ್ಲಿ ನಾನು ಸೀರೆಗೆ ಫಾಲ್ ಹಾಕಿಸುವ ಅಂಗಡಿಯಲ್ಲಿ ಕೇಳಿದರೆ, ಹೊಳಪಿನ ಆರ್ಟ್ ಸಿಲ್ಕ್ ದಾರದಲ್ಲಿ ಮಾತ್ರ ಕಟ್ಟಿಕೊಡುತ್ತೇವೆ, ಕಾಟನ್‌ನಲ್ಲಿ ಇಲ್ಲ ಅಂದರು. ಹತ್ತಿ ಸೀರೆಯ ತುದಿಗೆ ಮಿರಮಿರ ಮಿಂಚುವ ದಾರ ನನಗೆ ಒಗ್ಗಲಿಲ್ಲ. ಸೀರೆಯ ಎಳೆಗಳನ್ನೇ ಹುರಿ ಮಾಡಿ, ಆ ಹುರಿಯ ತುದಿಗೆ ಹತ್ತಿ ದಾರದ್ದೇ ಕುಚ್ಚು ಕೂರಿಸೋಣ ಎಂದು ಹೊರಟೆ.

ಮೊದಲ ಒಂಬತ್ತು ಕುಚ್ಚು ಬೆಂಗಳೂರಲ್ಲೇ ಕಟ್ಟಿದೆ. ಅಷ್ಟನ್ನೂ ಆಮೇಲೆ ಬಿಚ್ಚಿದೆ. ಹುರಿ ಮಾಡುವುದೆಂದರೆ ತಿರುಚುವುದು ಅಂದುಕೊಂಡು, ಒಂದು ಗೊಂಚಲು ಎಳೆ ಹಿಡಿದು ತಿರುಚಿ ತುದಿಗೆ ಗಂಟು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಬಿಚ್ಚಿಕೊಂಡು ಮೊದಲಿನ ಕೂದಲಾಗಿದ್ದವು. ಮೇಲಿಂದ ಕುಚ್ಚಿನ ತಲೆಗಳು. ಒಂದು ಬದನೆಕಾಯಿಯ ಹಾಗೆ ಉದ್ದ, ಇನ್ನೊಂದು ಅಣಬೆ. ಒಂದರ ಕತ್ತಿನ ಸುತ್ತುಗಳು ಉಂಗುರದ ಹಾಗೆ ಜಾರಿ ಕೆಳಗೆ ಬಂದಿದ್ದವು.

ಮುಂದಿನ ರಜೆಗೆ ಊರಿಗೆ ಹೋಗುವಾಗ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಅಲ್ಲಿ ದೊಡ್ಡಮ್ಮ ಇದ್ದಾರೆ. ಅವರು ಬದುಕಿನಲ್ಲಿ ಒಂದು ಕುಚ್ಚನ್ನೂ ಕಟ್ಟಿದವರಲ್ಲ. ಆದರೆ ಹಿತ್ತಿಲಿನ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಕಟ್ಟಿ ಅವರ ಬೆರಳುಗಳಿಗೆ ಬಿಗಿ ಅಂದರೇನು ಎಂಬುದು ಗೊತ್ತು. ದೀಪದ ಬತ್ತಿಯಂತೂ ಮಾತಾಡುತ್ತಲೇ ಹೊಸೆದು ರಾಶಿ ಹಾಕುತ್ತಾರೆ.

ನನ್ನ ಹುರಿಯನ್ನು ಒಮ್ಮೆ ನೋಡಿ, "ಎಂತ ಮಾರಾಯ್ತಿ ಇದು, ಒಂದೇ ಎಳೆ ತಿರುಚಿದ್ರೆ ನಿಲ್ತದಾ? ಹಗ್ಗ ನೋಡ್ಲಿಲ್ವಾ ನೀನು?" ಅಂದರು.

ಹಗ್ಗ ನೋಡಿದ್ದೆ. ಅದು ಯಾಕೆ ಬಿಚ್ಚಿಕೊಳ್ಳುವುದಿಲ್ಲ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ವಿಷಯ ಇಷ್ಟು. ತಿರುಚಿದ ಯಾವ ಎಳೆಯೂ ಬಿಟ್ಟ ಕೂಡಲೇ ಹಿಂದಕ್ಕೆ ತಿರುಗಲು ನೋಡುತ್ತದೆ. ಒಂದೇ ಗೊಂಚಲಾದರೆ ಅದನ್ನು ತಡೆಯುವವರಿಲ್ಲ. ಎರಡು ಗೊಂಚಲನ್ನು ಒಂದೇ ದಿಕ್ಕಿಗೆ ತಿರುಚಿ ಆಮೇಲೆ ಜೋಡಿಸಿದರೆ, ಎರಡೂ ಹಿಂದಕ್ಕೆ ತಿರುಗಲು ಹೋಗಿ ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಬಿಚ್ಚಿಕೊಳ್ಳಬೇಕೆಂಬ ಅವುಗಳ ಹಟವೇ ಅವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅಂದರೆ ಹೊಸೆಯುವುದು ಒಂದು ದಿಕ್ಕಿಗೆ, ಕೂಡಿಸುವುದು ಅದರ ಎದುರು ದಿಕ್ಕಿಗೆ.

ಯಾವ ದಿಕ್ಕಿಗೆ ಶುರು ಮಾಡಬೇಕು ಎಂಬುದನ್ನು ಸೀರೆಯ ನೂಲೇ ಹೇಳುತ್ತದೆ. ಗಿರಣಿಯಲ್ಲೋ ಚರಕದಲ್ಲೋ ನೂಲುವಾಗಲೇ ಪ್ರತಿ ಎಳೆಗೂ ಒಂದು ದಿಕ್ಕಿನ ತಿರುಚು ಬಿದ್ದಿರುತ್ತದೆ. ಒಂದೇ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉರುಳಿಸಿ ನೋಡಿದೆ. ಒಂದು ಕಡೆಗೆ ಉರುಳಿಸಿದರೆ ಎಳೆ ಇನ್ನೂ ಗಟ್ಟಿಯಾಗಿ ಸುರುಳಿ ಸುತ್ತಿತು. ಇನ್ನೊಂದು ಕಡೆಗೆ ಉರುಳಿಸಿದರೆ ಹಿಂಜಿದ ಹತ್ತಿಯ ಹಾಗೆ ಬಿಡಿಸಿಕೊಂಡು, ಸ್ವಲ್ಪ ಎಳೆದ ಕೂಡಲೇ ತುಂಡಾಯಿತು. ಗಟ್ಟಿಯಾಗುವ ದಿಕ್ಕೇ ಹೊಸೆಯುವ ದಿಕ್ಕು. ನನ್ನ ಮೊದಲ ಒಂಬತ್ತರಲ್ಲಿ ಅರ್ಧದಷ್ಟನ್ನು ನಾನು ಎದುರು ದಿಕ್ಕಿಗೆ ತಿರುಚಿದ್ದೆ ಅನ್ನಿಸುತ್ತದೆ, ಯಾಕೆಂದರೆ ಅವುಗಳಲ್ಲಿ ಎಳೆಗಳು ಜೂಲಾಗಿ ಎದ್ದು, ಅಲ್ಲಲ್ಲಿ ತುಂಡಾಗಿ ಉದುರುತ್ತಿದ್ದವು.

ಎರಡನೆಯ ತೊಂದರೆ ಗಂಜಿಯದ್ದು. ನೇಯುವ ಹಾಸಿನ ಎಳೆಗಳಿಗೆ ಗಂಜಿ ಹಾಕಿರುತ್ತಾರೆ, ಎಳೆ ಕಡ್ಡಿಯ ಹಾಗೆ ಸೆಟೆದಿರುತ್ತದೆ. ಕಡ್ಡಿಯನ್ನು ತಿರುಚಿದರೆ ಅದು ಚಿಮ್ಮುತ್ತದೆಯೇ ಹೊರತು ಬಾಗುವುದಿಲ್ಲ. ದೊಡ್ಡಮ್ಮ ಹೂ ಕಟ್ಟುವಾಗ ಪಕ್ಕದಲ್ಲಿ ಇಟ್ಟುಕೊಳ್ಳುವ ನೀರಿನ ಗಿಂಡಿಯನ್ನೇ ನನ್ನ ಕಡೆ ತಳ್ಳಿದರು. "ನಾರು ಒಣಗಿದ್ರೆ ಹೂ ಕೂರ್ತದಾ? ನೂಲಿಗೂ ಅದೇ. ಬೆರಳು ಒದ್ದೆ ಮಾಡ್ಕೊ. ನೀರು ಹನಿಸ್ಬೇಡ, ಬೆರಳು ಮಾತ್ರ." ಒದ್ದೆ ಬೆರಳಿಗೆ ಗಂಜಿ ಮೆತ್ತಗಾಗಿ, ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಹೇಳಿದ ಮಾತು ಕೇಳತೊಡಗಿದವು. ಒಣಗಿದ ಮೇಲೆ ಅದೇ ಗಂಜಿ ಹುರಿಯನ್ನು ಹಾಗೇ ಹಿಡಿದಿಟ್ಟಿತು. ಈ ಹಿಡಿತ ಮೊದಲ ಒಗೆತದವರೆಗೆ ಮಾತ್ರ. ಆಮೇಲೆ ಹುರಿ ನಿಲ್ಲುವುದು ಹೊಸೆದ ಬಿಗಿಯ ಮೇಲೆಯೇ.

ಸೆರಗನ್ನು ಮೇಜಿನ ಅಂಚಿಗೆ ಹಾಸಿ, ಮೇಲೆ ಒಂದು ದಪ್ಪ ಹಲಗೆ, ಹಲಗೆಯ ಮೇಲೆ ಕುಟ್ಟಾಣಿ ಇಟ್ಟು ಅಲ್ಲಾಡದ ಹಾಗೆ ಮಾಡಿದೆವು. ಸೀರೆಯ ಅಗಲ 46 ಇಂಚು. ಇಂಚಿಗೆ ಒಂದು ಹುರಿ ಎಂದು ಲೆಕ್ಕ ಹಾಕಿ, ಪೂರ್ತಿ ಅಂಚಿನಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ನನ್ನ ಸೀರೆಯಲ್ಲಿ ಇಂಚಿಗೆ ಸುಮಾರು 70 ಎಳೆ ಬಂತು. ಅದನ್ನು ಕಣ್ಣಂದಾಜಿನಲ್ಲಿ ಎರಡು ಪಾಲು ಮಾಡುವುದು. ಪ್ರತಿ ಸಲ ಎಣಿಸಬೇಕಾಗಿಲ್ಲ, ಆದರೆ ಪಾಲು ಸಮ ಇರಬೇಕು. ಒಂದು ಪಾಲು ತೆಳ್ಳಗಾದರೆ ದಪ್ಪದ್ದು ಕಂಬದ ಹಾಗೆ ನೆಟ್ಟಗೆ ನಿಂತು, ತೆಳ್ಳಗಿನದ್ದು ಬಳ್ಳಿಯ ಹಾಗೆ ಅದನ್ನು ಸುತ್ತುತ್ತದೆ. ಅಂಥ ಹುರಿ ಎಳೆದರೆ ಕಂಬ ಹಾಗೇ ಉಳಿದು ಬಳ್ಳಿ ಮೇಲಕ್ಕೆ ಸರಿದು ಮುದುಡಿಕೊಳ್ಳುತ್ತದೆ.

ಒಂದು ಪಾಲನ್ನು ಹೊಸೆದು ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಸಿಕ್ಕಿಸಿ ಮೇಜಿನ ಮೇಲೆ ಮಲಗಿಸಿದೆ. ಇನ್ನೊಂದನ್ನು ಹೊಸೆದೆ. ಎಷ್ಟು ಸಲ ಉರುಳಿಸಬೇಕು ಎನ್ನುವುದಕ್ಕೆ ನನ್ನ ಬೆರಳಿಗೆ ಇಪ್ಪತ್ತೈದರಿಂದ ಮೂವತ್ತು ಬಂತು; ಅವರವರ ಬೆರಳಿನ ಉದ್ದಕ್ಕೆ ತಕ್ಕ ಹಾಗೆ ಇದು ಬದಲಾಗುತ್ತದೆ. ಲೆಕ್ಕಕ್ಕಿಂತ ಗುರುತು ಮುಖ್ಯ. ಹೊಸೆದ ಪಾಲನ್ನು ಸ್ವಲ್ಪ ಸಡಿಲ ಬಿಟ್ಟರೆ ನಡುವೆ ತಾನಾಗಿ ಒಂದು ಪುಟ್ಟ ಕುಣಿಕೆ ಎದ್ದು ನಿಲ್ಲಬೇಕು. ಎದ್ದರೆ ಸಾಕಷ್ಟಾಯಿತು. ಏಳದಿದ್ದರೆ ಇನ್ನೂ ಹೊಸೆಯಬೇಕು. ಒಂದರ ಬದಲು ಮೂರು ನಾಲ್ಕು ಕುಣಿಕೆ ಒಟ್ಟಿಗೆ ಎದ್ದರೆ ಹೆಚ್ಚಾಯಿತು, ಹುರಿ ಗಂಟುಗಂಟಾಗುತ್ತದೆ. ಎರಡೂ ಪಾಲು ಒಂದೇ ಹದಕ್ಕೆ ಬಂದ ಮೇಲೆ ತುದಿಗಳನ್ನು ಕೂಡಿಸಿ ಹಿಡಿದು, ಎದುರು ದಿಕ್ಕಿಗೆ ತಿರುಗಲು ಬಿಟ್ಟೆ. ಅರ್ಧ ಕೆಲಸ ಅದೇ ಮಾಡಿಕೊಂಡಿತು, ಉಳಿದರ್ಧಕ್ಕೆ ಬೆರಳಿನಿಂದ ಕೊಂಚ ನೆರವು ಕೊಟ್ಟೆ. ಐದು ಇಂಚಿನ ಎಳೆ ಹುರಿಯಾಗುವಷ್ಟರಲ್ಲಿ ನಾಲ್ಕು ಇಂಚು ಚಿಲ್ಲರೆಗೆ ಇಳಿದಿತ್ತು.

ಹೊಸೆತ ಬಟ್ಟೆಯ ಅಂಚಿನಿಂದಲೇ ಶುರುವಾಗಬೇಕು. ನಡುವೆ ಕಾಲಿಂಚು ಸಡಿಲ ಬಿಟ್ಟರೆ ಕೊನೆಯ ಅಡ್ಡ ಹೊಕ್ಕಿನ ಎಳೆಗಳು ಆ ಸಂದಿಗೆ ಜಾರಿ ಬಂದು, ನೇಯ್ಗೆ ಅಲ್ಲಿ ಜಾಳಾಗುತ್ತದೆ. ಹಾಗೆಂದೇ ಒಮ್ಮೆಗೇ ಪೂರ್ತಿ ಅಂಚಿಗೆ ಕೈ ಹಾಕದೆ, ಆರಾರು ಇಂಚಿನಷ್ಟನ್ನು ಮಾತ್ರ ಸರಿಪಡಿಸಿಕೊಳ್ಳುತ್ತಾ ಹೋದೆ. ತುದಿಯಲ್ಲಿ ಓರೆಯಾಗಿ ನೇತಾಡುತ್ತಿದ್ದ ಒಂದೆರಡು ಹೊಕ್ಕಿನ ಎಳೆಗಳನ್ನು ಎಳೆದು ತೆಗೆದರೆ ಅಂಚು ಗೆರೆ ಹಾಕಿದ ಹಾಗೆ ನೇರವಾಗುತ್ತದೆ. ಎರಡೂ ಪಕ್ಕದ ಕರೆಯಲ್ಲಿ ಎಳೆ ದಟ್ಟ ಇದ್ದುದರಿಂದ ಅಲ್ಲಿ ಇಂಚಿನ ಬದಲು ಮುಕ್ಕಾಲು ಇಂಚಿಗೇ ಒಂದು ಹುರಿ ತೆಗೆದುಕೊಂಡೆ. ಇಲ್ಲದಿದ್ದರೆ ತುದಿಯ ಹುರಿಗಳು ಎದ್ದು ಕಾಣುವಷ್ಟು ದಪ್ಪ. ಹೀಗಾಗಿ 46 ಅಂದುಕೊಂಡದ್ದು 48 ಆಯಿತು.

ಹುರಿಯ ತುದಿಗೆ ಗಂಟು. ಈ ಗಂಟೇ ಮುಂದೆ ಕುಚ್ಚಿನ ತಲೆಯೊಳಗೆ ಕೂತು ಅದನ್ನು ದುಂಡಗೆ ಮಾಡುವುದು, ಹಾಗಾಗಿ ಎಲ್ಲ ಗಂಟುಗಳೂ ಅಂಚಿನಿಂದ ಒಂದೇ ದೂರದಲ್ಲಿ ಬರಬೇಕು. ನಾನು ಒಂದೂಕಾಲು ಇಂಚಿಗೆ ರಟ್ಟಿನ ಪಟ್ಟಿ ಕತ್ತರಿಸಿ ಇಟ್ಟುಕೊಂಡೆ. ಸಡಿಲವಾಗಿ ಗಂಟು ಹಾಕಿ, ಅದರ ನಡುವೆ ದಪ್ಪ ಸೂಜಿ ಚುಚ್ಚಿ, ಸೂಜಿಯನ್ನು ಪಟ್ಟಿಯ ಅಂಚಿಗೆ ಒತ್ತಿ ಹಿಡಿದು ಗಂಟು ಬಿಗಿಯುತ್ತಾ ಬಂದರೆ ಗಂಟು ಹೇಳಿದ ಜಾಗಕ್ಕೇ ಬರುತ್ತದೆ. ಬಿಗಿಯುವ ಕೊನೆಯ ಕ್ಷಣದಲ್ಲಿ ಸೂಜಿ ತೆಗೆಯುವುದು. ಗಂಟಿನ ಕೆಳಗೆ ಉಳಿದ ಬಾಲವನ್ನು ಕತ್ತರಿಸಲಿಲ್ಲ. ಅದು ಕುಚ್ಚಿನೊಳಗೆ ಸೇರಿ ಹೊಟ್ಟೆ ತುಂಬಿಸುತ್ತದೆ.

ಹೊಸೆಯುವ ಕೆಲಸಕ್ಕೇ ಎರಡು ಸಂಜೆ ಹಿಡಿಯಿತು.

ಇನ್ನು ಕುಚ್ಚಿನ ದಾರ. ಕಸೂತಿಗೆ ಬಳಸುವ, ಆರು ಎಳೆ ಬಿಡಿಬಿಡಿಯಾಗುವ ಹತ್ತಿ ದಾರದ ಲಡಿ ನನ್ನ ಹತ್ತಿರ ಇತ್ತು. ಮೊದಲ ಒಂಬತ್ತಕ್ಕೆ ಅದನ್ನೇ ಹಾಕಿದ್ದೆ. ನೋಡಲು ಮೃದು, ಆದರೆ ಅದರಲ್ಲಿ ಬಿಗಿ ತಿರುಚಿಲ್ಲ. ನಾಲ್ಕು ಸಲ ಕೈಯಾಡಿಸಿದರೆ ಹತ್ತಿಯ ಹಾಗೆ ಜೂಲು ಏಳುತ್ತದೆ. ಈ ಸಲ ಕ್ರೋಶಾ ಹಾಕುವ ಹುರಿಗೊಂಡ ಹತ್ತಿ ದಾರದ ಉಂಡೆ ತಂದೆ, ಕರೆಯದ್ದೇ ಅರಿಶಿನ ಬಣ್ಣ. ಅದರ ಒಂದು ಗೇಣು ತುಂಡನ್ನು ಒದ್ದೆ ಮಾಡಿ, ಬಿಳಿ ಪಂಚೆಯ ಚೂರಿನಲ್ಲಿ ಸುತ್ತಿ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ನೋಡಿದೆ. ಬಣ್ಣ ಬಿಡಲಿಲ್ಲ. ಜೊತೆಗೆ ತಂದಿದ್ದ ಕುಂಕುಮ ಬಣ್ಣದ ಉಂಡೆ ಮಾತ್ರ ಪಂಚೆಯ ಮೇಲೆ ಚೆನ್ನಾಗಿ ಗುಲಾಬಿ ಗೆರೆ ಎಳೆಯಿತು. ಅದನ್ನು ಪಕ್ಕಕ್ಕಿಟ್ಟೆ. ಉಪ್ಪುನೀರಲ್ಲಿ ನೆನೆಸಿದರೆ ಸರಿಹೋಗುತ್ತದೆ ಎಂದು ಅತ್ತಿಗೆ ಹೇಳಿದರು. ನೆನೆಸಿ ನೋಡಿದೆ, ಮತ್ತೆ ಗುಲಾಬಿ ಗೆರೆಯೇ.

ಹಳೇ ಮದುವೆ ಕಾಗದವೊಂದರಿಂದ ಒಂದೂಮುಕ್ಕಾಲು ಇಂಚು ಅಗಲದ ಪಟ್ಟಿ ಕತ್ತರಿಸಿದೆ. ಅದರ ಮೇಲೆ ದಾರವನ್ನು 16 ಸುತ್ತು ಸುತ್ತಿ, ಒಂದು ಬದಿಯಲ್ಲಿ ಕತ್ತರಿಸಿದರೆ ಮೂರೂವರೆ ಇಂಚಿನ 16 ಎಳೆ. ನಡುವೆ ಮಡಚಿದಾಗ 32 ತುದಿ. ಒಂದು ಕುಚ್ಚಿಗೆ ಇಷ್ಟು, ಅದರ ಮೇಲೆ ತಲೆಯೊಳಗಿನ ಕಟ್ಟಿಗೆ ಎಂಟು ಇಂಚು, ಕತ್ತಿನ ಸುತ್ತಿಗೆ ಹನ್ನೆರಡು ಇಂಚು. 48 ಕುಚ್ಚಿಗೆ ಎಲ್ಲ ಸೇರಿ ತೊಂಬತ್ತೈದು ಮೀಟರಿನ ಆಸುಪಾಸು. ಸುತ್ತುವಾಗ ದಾರ ಎಳೆದು ಸುತ್ತಬಾರದು. ಎಳೆದರೆ ಪಟ್ಟಿ ಬಾಗುತ್ತದೆ, ಕತ್ತರಿಸಿದ ಮೇಲೆ ಒಂದೊಂದು ಎಳೆ ಒಂದೊಂದು ಅಳತೆಗೆ ಬರುತ್ತದೆ.

ತಲೆ ಕಟ್ಟುವ ಕ್ರಮ ಹೀಗೆ. ಹದಿನಾರು ಎಳೆಯನ್ನು ಹುರಿಯ ಉದ್ದಕ್ಕೇ ಸೇರಿಸಿ ಹಿಡಿಯಬೇಕು. ಎಳೆಗಳ ನಟ್ಟನಡುವಿನ ಜಾಗ ಹುರಿಯ ಗಂಟಿಗಿಂತ ಒಂದು ಕೂದಲು ಮೇಲೆ ಬರಬೇಕು. ಅಂದರೆ ಅರ್ಧ ಎಳೆ ಮೇಲಕ್ಕೆ ಸೀರೆಯ ಕಡೆ, ಇನ್ನರ್ಧ ಗಂಟು ದಾಟಿ ಕೆಳಕ್ಕೆ. ಎಳೆಗಳನ್ನು ಹುರಿಯ ಸುತ್ತ ಬೇಲಿಯ ಹಾಗೆ ಹರಡಿ, ಗಂಟಿನ ನೆತ್ತಿಯ ಮೇಲೆ ಒಂದು ದಾರದಿಂದ ಎರಡು ಸುತ್ತು ಸುತ್ತಿ ಕಟ್ಟುವುದು. ಇದು ಒಳಗಟ್ಟು. ಆಮೇಲೆ ಮೇಲ್ಮುಖವಾಗಿದ್ದ ಎಳೆಗಳನ್ನು ಕೊಡೆ ಮಡಚಿದ ಹಾಗೆ ಕೆಳಗಿಳಿಸಿದರೆ, ಒಳಗಟ್ಟೂ ಗಂಟೂ ಎರಡೂ ಮುಚ್ಚಿಹೋಗುತ್ತವೆ. ತಲೆ ಅಂದರೆ ಇದೇ. ಎಳೆ ಸರಿಯಾಗಿ ಹರಡಿಲ್ಲದಿದ್ದರೆ ಒಂದು ಕಡೆ ಬೋಳು ಬಿದ್ದು ಅರಿಶಿನದ ನಡುವೆ ಹಸಿರು ಗಂಟು ಇಣುಕುತ್ತದೆ. ಕತ್ತು ಕಟ್ಟಿದ ಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ. ಒಳಗಟ್ಟು ಬಿಗಿಯುವ ಮೊದಲೇ ಕುಚ್ಚನ್ನು ಒಮ್ಮೆ ಪೂರ್ತಿ ತಿರುಗಿಸಿ ನೋಡಿಕೊಳ್ಳಬೇಕು.

ಕತ್ತಿನ ಕಟ್ಟು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಸಿತು. ಮೊದಲು ನಾನು ಸುಮ್ಮನೆ ಸುತ್ತಿ, ಕೊನೆಯಲ್ಲಿ ಎರಡು ಗಂಟು ಹಾಕಿ ಕತ್ತರಿಸುತ್ತಿದ್ದೆ. ಕುಚ್ಚಿಗೆ ಕತ್ತಿನ ಪಕ್ಕ ಒಂದು ನರುಳ್ಳೆ ಎದ್ದ ಹಾಗೆ ಕಾಣುತ್ತಿತ್ತು. ಗಂಟೇ ಕಾಣದ ಹಾಗೆ ಕಟ್ಟುವ ರೀತಿಯೊಂದಿದೆ, ದೋಣಿಯ ಹಗ್ಗದ ತುದಿ ಬಿಚ್ಚಿಕೊಳ್ಳದ ಹಾಗೆ ಸುತ್ತುವುದೂ ಇದೇ ರೀತಿ. ಹನ್ನೆರಡು ಇಂಚಿನ ದಾರದ ಒಂದು ತುದಿಯನ್ನು ಮಡಚಿ ಉದ್ದನೆಯ ಕುಣಿಕೆ ಮಾಡಿಕೊಂಡೆ. ಕುಣಿಕೆಯ ಬಾಯಿ ಮೇಲೆ, ತಲೆಯ ಕಡೆ. ಗಿಡ್ಡ ತುದಿ ಕೆಳಗೆ, ಕುಚ್ಚಿನ ಎಳೆಗಳ ಜೊತೆ. ಅದನ್ನು ಕತ್ತಿಗೆ ಒತ್ತಿ ಹಿಡಿದು, ಉದ್ದದ ತುದಿಯಿಂದ ಕತ್ತಿನ ಕೆಳಗಿನಿಂದ ಮೇಲಕ್ಕೆ, ಕುಣಿಕೆಯ ಮೇಲೇ ಸುತ್ತುತ್ತಾ ಹೋದೆ. ಎಂಟು ಸುತ್ತು. ಸುತ್ತಿನ ಪಕ್ಕ ಸುತ್ತು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಪ್ರತಿ ಸುತ್ತಾದ ಮೇಲೂ ಉಗುರಿನಿಂದ ಕೆಳಗಿನದ್ದಕ್ಕೆ ತಾಗಿಸಿ ಒತ್ತಿದೆ. ಎಂಟು ಸುತ್ತಿನ ಅಗಲ ಹೆಚ್ಚೆಂದರೆ ಒಂದು ಹೆಸರುಕಾಳಿನಷ್ಟು. ಕೊನೆಗೆ ಉದ್ದದ ತುದಿಯನ್ನು ಮೇಲೆ ಇಣುಕುತ್ತಿರುವ ಕುಣಿಕೆಯೊಳಗೆ ತೂರಿಸಿ, ಕೆಳಗಿರುವ ಗಿಡ್ಡ ತುದಿಯನ್ನು ಎಳೆದರೆ, ಕುಣಿಕೆ ತನ್ನೊಳಗೆ ಸಿಕ್ಕ ದಾರವನ್ನೂ ಎಳೆದುಕೊಂಡು ಸುತ್ತುಗಳ ಅಡಿಗೆ ನುಗ್ಗುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿನ ಪೇಚು. ಸುತ್ತುಗಳ ನಡುಮಧ್ಯಕ್ಕೆ ಬಂದ ಕೂಡಲೇ ನಿಲ್ಲಿಸಬೇಕು. ಎರಡು ದಾರಗಳು ಅಲ್ಲಿ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ, ಮೇಲಿಂದ ಎಂಟು ಸುತ್ತು ಒತ್ತುತ್ತಿರುತ್ತವೆ. ನಾನು ಹುಮ್ಮಸ್ಸಿನಲ್ಲಿ ಎಳೆದು ಕುಣಿಕೆಯನ್ನು ಕೆಳಗಿನಿಂದ ಹೊರಗೇ ತಂದುಬಿಟ್ಟೆ. ಕೊಕ್ಕೆ ತಪ್ಪಿ, ಮೇಲಿನ ಸುತ್ತು ಸಡಿಲಾಗಿ, ನೋಡುತ್ತಿದ್ದ ಹಾಗೇ ಎಲ್ಲ ಬಿಚ್ಚಿಕೊಂಡಿತು. ಎಲ್ಲಿಗೆ ಬಂತೆಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಕುಣಿಕೆ ಒಳಗೆ ಹೋಗುವಾಗ ಸುತ್ತುಗಳ ಅಡಿ ಒಂದು ಸಣ್ಣ ಉಬ್ಬು ಸರಿಯುತ್ತಾ ಹೋಗುತ್ತದೆ. ಹೆಬ್ಬೆರಳನ್ನು ಸುತ್ತುಗಳ ಮೇಲಿಟ್ಟು ಎಳೆದರೆ ಆ ಉಬ್ಬು ನಡುವಿಗೆ ಬಂದದ್ದು ಗೊತ್ತಾಗುತ್ತದೆ.

ಎಳೆದರೂ ಕುಣಿಕೆ ಅಲ್ಲಾಡದೇ ಹೋದರೆ ಸುತ್ತು ಅತಿ ಬಿಗಿಯಾಯಿತು ಎಂದರ್ಥ. ನಾನು ಒಂದರಲ್ಲಿ ಹಟ ಹಿಡಿದು ಎಳೆದು ದಾರ ತುಂಡು ಮಾಡಿದೆ. ಅತಿ ಬಿಗಿಗೆ ಇನ್ನೊಂದು ಲಕ್ಷಣ, ಕುಚ್ಚಿನ ಎಳೆಗಳು ಕತ್ತಿನ ಕೆಳಗೆ ಪೊರಕೆಯ ಹಾಗೆ ಅಗಲವಾಗಿ ಕೆದರಿ ನಿಲ್ಲುವುದು. ಸಡಿಲವಾದರೆ ಸುತ್ತುಗಳನ್ನು ಉಗುರಿನಿಂದ ಕೆಳಗೆ ತಳ್ಳಿದಾಗ ಜಾರುತ್ತವೆ. ಇವೆರಡರ ನಡುವಿನ ಹದವನ್ನು ಮಾತಿನಲ್ಲಿ ಹೇಳುವುದು ಕಷ್ಟ. ದೊಡ್ಡಮ್ಮ ತಮ್ಮ ಕೈಲಿ ಒಂದನ್ನು ಸುತ್ತಿ ತೋರಿಸಿದರು. ಅವರು ದಾರವನ್ನು ಸುತ್ತಲೇ ಇಲ್ಲ. ದಾರವನ್ನು ಎಡಗೈ ಬೆರಳಿನಲ್ಲಿ ಸೆಟೆದು ಹಿಡಿದು, ಕುಚ್ಚನ್ನೇ ಬಲಗೈಯಲ್ಲಿ ತಿರುಗಿಸಿದರು.

"ಸುತ್ತುವ ಕೈ ಒಮ್ಮೆ ಎಳೀತದೆ, ಒಮ್ಮೆ ಬಿಡ್ತದೆ. ಹಿಡಿದ ಕೈ ಹಾಗೇ ಇರ್ತದಲ್ಲ" ಅಂದರು.

ಅಲ್ಲಿಂದ ನನ್ನ ಸುತ್ತುಗಳು ಸಮವಾದವು. ಒದ್ದೆ ಬೆರಳಿನ ಮಾತು ಇಲ್ಲೂ ಬಂತು. ತುಸು ತೇವದ ದಾರ ಜಾರದೆ ಕೂರುತ್ತದೆ.

ಕತ್ತು ಎಲ್ಲಿ ಬೀಳಬೇಕು ಎಂಬುದಕ್ಕೂ ಒಂದು ಜಾಗ ಇದೆ. ಒಳಗಿನ ಗಂಟನ್ನು ಬೆರಳಿನಿಂದ ಮುಟ್ಟಿ ಹುಡುಕಿ, ಅದು ಮುಗಿಯುವಲ್ಲೇ ಮೇಲಿನ ಸುತ್ತು ಬರಬೇಕು. ಗಂಟಿನ ಹೊಟ್ಟೆಯ ಮೇಲೇ ಸುತ್ತಿದರೆ ದುಂಡಗಿನ ಮೇಲೆ ದಾರ ನಿಲ್ಲದೆ ಎರಡೂ ಕಡೆಗೆ ಜಾರುತ್ತದೆ, ನನ್ನ ಉಂಗುರದ ಕಥೆ ಅದೇ. ತೀರ ಕೆಳಗೆ ಸುತ್ತಿದರೆ ಗಂಟಿಗೂ ಕತ್ತಿಗೂ ನಡುವೆ ಟೊಳ್ಳು ಉಳಿದು ತಲೆ ಬದನೆಕಾಯಿ ಆಗುತ್ತದೆ.

ಮೇಲೆ ಉಳಿದ ತುದಿಯನ್ನು ಕತ್ತಿಗೆ ತಾಗಿಸಿ ಕತ್ತರಿಸಿದರೆ ಒಂದೆರಡು ದಿನಕ್ಕೆ ಬೆಕ್ಕಿನ ಮೀಸೆಯ ಹಾಗೆ ಎದ್ದು ನಿಲ್ಲುತ್ತದೆ. ನಾನು ಅದನ್ನು ಸೂಜಿಗೆ ಪೋಣಿಸಿ, ಮೇಲಿನ ಸುತ್ತಿನ ಪಕ್ಕದಲ್ಲೇ ತಲೆಯೊಳಗೆ ಚುಚ್ಚಿ, ಕತ್ತಿನ ನಡುವಿನಿಂದ ಕೆಳಗೆ ಎಳೆಗಳ ಮಧ್ಯೆ ಹೊರತಂದೆ. ಎರಡೂ ತುದಿ ಕುಚ್ಚಿನ ಎಳೆಗಳಲ್ಲೇ ಬೆರೆತುಹೋದವು.

ಮೊದಲ ಮೂರಕ್ಕೆ ಒಂದು ಗಂಟೆ ಬೇಕಾಯಿತು. ಹತ್ತು ದಾಟಿದ ಮೇಲೆ ಒಂದಕ್ಕೆ ಏಳೆಂಟು ನಿಮಿಷ. ದಿನಕ್ಕೆ ಎಂಟರ ಮೇಲೆ ಕಟ್ಟಲಿಲ್ಲ. ಎಂಟನೆಯದು ಆಗುವಾಗ ಹಿಡಿದ ಕೈ ದಣಿದು ಬಿಗಿ ಇಳಿಯುತ್ತಿತ್ತು.

ಎಲ್ಲ ಮುಗಿದ ಮೇಲೆ ತುದಿ ಕತ್ತರಿಸುವ ಕೆಲಸ. ಉಂಡೆಯಿಂದ ಬಂದ ದಾರ ಡೊಂಕು ಡೊಂಕಾಗಿರುತ್ತದೆ, ಹಾಗೇ ಕತ್ತರಿಸಿದರೆ ಆಮೇಲೆ ನೆಟ್ಟಗಾಗಿ ಉದ್ದ ಗಿಡ್ಡ ಕಾಣುತ್ತದೆ. ಇಡ್ಲಿ ಪಾತ್ರೆಯ ಆವಿಗೆ ಕುಚ್ಚುಗಳನ್ನು ಸ್ವಲ್ಪ ಹೊತ್ತು ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ನಿಧಾನವಾಗಿ ಬಾಚಿದೆ. ಆವಿಗೆ ಕೈ ಸುಡುತ್ತದೆ, ಹುರಿಯನ್ನು ಹಿಡಿಯಬೇಕೇ ಹೊರತು ಕುಚ್ಚನ್ನಲ್ಲ. ನಂತರ ಕಾಗದದ ಪಟ್ಟಿಯನ್ನು ಕುಚ್ಚಿನ ಸುತ್ತ ಬೀಡಿಯ ಹಾಗೆ ಬಿಗಿಯಾಗಿ ಸುತ್ತಿ, ಕಾಗದದ ಅಂಚಿಗೆ ಸರಿಯಾಗಿ ಒಂದೇ ಏಟಿಗೆ ಕತ್ತರಿ ಹಾಕಿದೆ. ಮೊಂಡು ಕತ್ತರಿ ಎಳೆಗಳನ್ನು ತಳ್ಳಿ ಓರೆ ಮಾಡುತ್ತದೆ. ಅತ್ತಿಗೆಯ ಟೈಲರಿಂಗ್ ಕತ್ತರಿಯನ್ನು ಬೇಡಿ ಬೇಡಿ ಪಡೆದೆ. ಕಾಗದಕ್ಕೆ ಹಾಕಿದ್ದು ತಿಳಿದ ಮೇಲೆ ಅವರು ಎರಡು ದಿನ ಮಾತಾಡಲಿಲ್ಲ, ಅದು ಬೇರೆ ವಿಷಯ.

ಉಟ್ಟದ್ದು ಒಮ್ಮೆ, ಒಗೆದದ್ದು ಒಮ್ಮೆ. ಒಗೆಯುವಾಗ ಕುಚ್ಚುಗಳನ್ನೆಲ್ಲ ಒಟ್ಟು ಮಾಡಿ ಹಳೇ ಕಾಲುಚೀಲದೊಳಗೆ ತೂರಿಸಿ ಬಾಯಿ ಕಟ್ಟಿದ್ದೆ, ಸಿಕ್ಕಾಗಲಿಲ್ಲ. ಗಂಜಿ ಹಾಕುವಾಗ ಮಾತ್ರ ಚೀಲದ ಮಾತು ಮರೆತು ಸೆರಗನ್ನು ಪೂರ್ತಿ ಅದ್ದಿಬಿಟ್ಟೆ. ಒಣಗಿದ ಮೇಲೆ 48 ಕುಚ್ಚೂ ಹಲ್ಲುಜ್ಜುವ ಬೇವಿನ ಕಡ್ಡಿಗಳು! ಮತ್ತೆ ತುದಿಯನ್ನಷ್ಟೇ ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿ ಬಿಡಿಸಬೇಕಾಯಿತು. ಇನ್ನು ಮುಂದೆ ಗಂಜಿಗೆ ಅದ್ದುವಾಗ ಕುಚ್ಚಿನ ಕಟ್ಟನ್ನು ಬಕೆಟಿನ ಹೊರಗೆ ನೇತಾಡಲು ಬಿಡುತ್ತೇನೆ. ಇಸ್ತ್ರಿಯನ್ನೂ ಅಂಚಿನವರೆಗೆ ಮಾತ್ರ. ತಲೆಯ ಮೇಲೆ ಹಾಯಿಸಿದರೆ ದುಂಡಗಿನದ್ದು ಹಲಸಿನ ಬೀಜ ಒತ್ತಿದ ಹಾಗೆ ಚಪ್ಪಟೆಯಾಗುತ್ತದೆ.

ಅಷ್ಟಾದ ಮೇಲೆ ಸೀರೆಯನ್ನು ದೊಡ್ಡಮ್ಮನಿಗೆ ತೋರಿಸಲು ಮತ್ತೆ ಊರಿಗೆ ಒಯ್ದೆ. ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಸೆರಗನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ತುದಿಯಿಂದ ಶುರು ಮಾಡಿ ಒಂದೊಂದೇ ಕುಚ್ಚಿನ ಕತ್ತನ್ನು ಹಿಡಿದು, ಹಸುವಿನ ಕೆಚ್ಚಲು ಎಳೆಯುವ ಹಾಗೆ ಎಳೆದು ನೋಡುತ್ತಾ ಹೋದರು. ಮಾತಿಲ್ಲ. ಮೂವತ್ತರ ಆಚೆ ಎಲ್ಲೋ ಒಂದರ ಕತ್ತಿನ ಸುತ್ತು ಅವರ ಬೆರಳಿಗೆ ಜಾರಿ ಬಂತು, ಎಂಟೂ ಸುತ್ತು ಉಂಗುರದ ಹಾಗೆ ಒಟ್ಟಿಗೇ.

"ಇದನ್ನು ಟಿವಿ ನೋಡ್ತಾ ಕಟ್ಟಿದ್ದಲ್ವಾ?" ಎಂದು ಕೇಳಿದರು.

ಹೌದು. ಗಿಂಡಿಗೆ ನೀರು ತರಲು ಒಳಗೆ ಹೋದೆ.